ಕೈಗೆ ಬರೋ ಸಂಬಳ 62 ಸಾವಿರ, ಗೃಹಸಾಲ ಎಷ್ಟು ಸಿಗುತ್ತೆ? ಬ್ಯಾಂಕಿನ ಲೆಕ್ಕ ಬಿಡಿಸಿ ನೋಡೋಣ

ದಾವಣಗೆರೆಯಲ್ಲಿ ಮನೆ ನೋಡಲು ಹೊರಟವರ ಕಿವಿಗೆ ಒಂದು ಮಾತು ಬಿದ್ದೇ ಬೀಳುತ್ತದೆ: "ಸಂಬಳದ ಅರವತ್ತು ಪಟ್ಟು ಲೋನ್ ಆಗ್ತದೆ, ಚಿಂತೆ ಮಾಡಬೇಡ್ರಿ." ಈ ಮಾತು ನಂಬಿ ಮುಂಗಡ ಕೊಟ್ಟು, ಅಗ್ರಿಮೆಂಟ್ ಬರೆಸಿಕೊಂಡು, ಆಮೇಲೆ ಬ್ಯಾಂಕಿಗೆ ಹೋದಾಗ ಅರ್ಧದಷ್ಟೇ ಸಾಲ ಕೊಡ್ತೀವಿ ಅಂತ ಹೇಳಿದರೆ ಎದೆ ಧಸಕ್ಕೆನ್ನುತ್ತದೆ. ಮುಂಗಡ ವಾಪಸ್ ಬರುವುದು ಎಷ್ಟು ಕಷ್ಟ ಅಂತ ಗೊತ್ತಲ್ವಾ? ಅದಕ್ಕೇ ಮುಂಗಡ ಕೊಡುವ ಮೊದಲೇ, ಮನೆಯಲ್ಲಿ ಕೂತು, ಬ್ಯಾಂಕ್ ಹಾಕುವ ಲೆಕ್ಕವನ್ನು ನಾವೇ ಹಾಕಿ ನೋಡಬೇಕು. ಲೆಕ್ಕ ಕಷ್ಟದ್ದೇನಲ್ಲ. ಒಂದೆರಡು ಕಡೆ ಮಾತ್ರ ಎಡವುವ ಜಾಗಗಳಿವೆ. ಅಲ್ಲಿ ನಿಧಾನವಾಗಿ ಹೋಗೋಣ.

ಬ್ಯಾಂಕಿನವರು ಮೊದಲು ಕೇಳಿಕೊಳ್ಳುವ ಪ್ರಶ್ನೆ ನಿಮ್ಮ ಸಂಬಳ ಎಷ್ಟು ಅನ್ನುವುದಲ್ಲ. ಪ್ರತಿ ತಿಂಗಳು ನಿಮ್ಮ ಸಂಬಳದಲ್ಲಿ ಕಂತಿಗೆ ಅಂತ ಎಷ್ಟು ಹೋಗಬಹುದು, ಅದರಲ್ಲಿ ಈಗಾಗಲೇ ಎಷ್ಟು ಹೋಗುತ್ತಿದೆ ಅನ್ನುವುದು. ಸಂಬಳದಲ್ಲಿ ಶೇಕಡಾ ಇಷ್ಟಕ್ಕಿಂತ ಹೆಚ್ಚು ಕಂತುಗಳಿಗೆ ಹೋಗಬಾರದು ಅಂತ ಪ್ರತಿ ಬ್ಯಾಂಕೂ ಒಂದು ಮಿತಿ ಇಟ್ಟುಕೊಂಡಿರುತ್ತದೆ. ಅದಕ್ಕೆ ಎಫ್‌ಒಐಆರ್ ಅನ್ನುತ್ತಾರೆ. ಕೆಲವು ಬ್ಯಾಂಕುಗಳಲ್ಲಿ ಇದೇ ಲೆಕ್ಕ ಇಎಂಐ-ಎನ್‌ಎಂಐ ಅನುಪಾತ ಅನ್ನುವ ಹೆಸರಲ್ಲಿ ನಡೆಯುತ್ತದೆ. ಗೃಹಸಾಲಕ್ಕೆ ಈ ಶೇಕಡಾವಾರನ್ನು ರಿಸರ್ವ್ ಬ್ಯಾಂಕ್ ನಿಗದಿ ಮಾಡಿಲ್ಲ, ಅದು ಆಯಾ ಬ್ಯಾಂಕಿನ ನಿರ್ಧಾರ. ಸಾಮಾನ್ಯವಾಗಿ ಕಡಿಮೆ ಸಂಬಳದವರಿಗೆ 40ರ ಆಸುಪಾಸು, ಮಧ್ಯಮ ಸಂಬಳಕ್ಕೆ 50, ಹೆಚ್ಚು ಸಂಬಳಕ್ಕೆ 55 ಅಥವಾ 60ರವರೆಗೂ ಹೋಗುತ್ತದೆ. ಸಂಬಳ ಜಾಸ್ತಿ ಇದ್ದವರಿಗೆ ಶೇಕಡಾ ಜಾಸ್ತಿ ಯಾಕೆ? ಅಕ್ಕಿ ಬೇಳೆ, ಕರೆಂಟು, ಶಾಲೆ ಫೀಸು ಕಳೆದರೂ ಅವರ ಕೈಯಲ್ಲಿ ಇನ್ನೂ ಹಣ ಉಳಿದಿರುತ್ತದೆ ಅನ್ನುವುದು ಬ್ಯಾಂಕಿನ ಲೆಕ್ಕಾಚಾರ.

ಒಂದು ಉದಾಹರಣೆ ಹಿಡಿದು ಹೋಗೋಣ. ದಾವಣಗೆರೆಯ ಸರ್ಕಾರಿ ಹೈಸ್ಕೂಲ್ ಮೇಷ್ಟ್ರು ಒಬ್ಬರು ಅಂದುಕೊಳ್ಳಿ. ವಯಸ್ಸು 40. ಶಾಮನೂರು ಕಡೆ 38 ಲಕ್ಷದ ಒಂದು ಮನೆ ಮನಸ್ಸಿಗೆ ಬಂದಿದೆ. ಅವರ ಎಚ್‌ಆರ್‌ಎಂಎಸ್ ಪೇ ಸ್ಲಿಪ್ಪಿನಲ್ಲಿ ಒಟ್ಟು ಸಂಬಳ 78,000. ಕಟಾವಣೆಯ ಕಡೆ ನೋಡಿದರೆ ಎನ್‌ಪಿಎಸ್‌ಗೆ 7,000, ಸರ್ಕಾರಿ ನೌಕರರ ವಿಮೆಯಾದ ಕೆಜಿಐಡಿಗೆ 3,500, ವೃತ್ತಿ ತೆರಿಗೆ ಮತ್ತು ಗುಂಪು ವಿಮೆ ಸೇರಿ 500. ಅದರ ಕೆಳಗೆ ಇನ್ನೊಂದು ಸಾಲು ಇದೆ: ನೌಕರರ ಸೊಸೈಟಿ ಸಾಲದ ಕಂತು 5,000. ಎಲ್ಲ ಹೋಗಿ ಬ್ಯಾಂಕ್ ಖಾತೆಗೆ ಬೀಳುವುದು 62,000.

ಸಂಬಳದಲ್ಲೇ ಕಟಾವಾಗುವ ಸೊಸೈಟಿ ಕಂತು ಬಿಟ್ಟು ಅವರಿಗೆ ಇನ್ನೂ ಮೂರು ಕಂತುಗಳಿವೆ. ಮನೆಯಲ್ಲಿ ಮದುವೆ ಮಾಡಿದಾಗ ತೆಗೆದ ಪರ್ಸನಲ್ ಲೋನ್, ತಿಂಗಳಿಗೆ 7,000, ಇನ್ನು 12 ಕಂತು ಬಾಕಿ. ಬೈಕ್ ಸಾಲ 3,200, ಇನ್ನು 22 ಕಂತು. ಮೊಬೈಲ್ ಕಂತು 1,800, ಇನ್ನು 4 ಕಂತು.

ಈಗ ಮೊದಲ ಎಡವುವ ಜಾಗ. 'ನೆಟ್ ಸಂಬಳ' ಅಂದರೆ ಯಾವುದು? ಖಾತೆಗೆ ಬೀಳುವ 62,000 ಅಂತಲೇ ಎಲ್ಲರೂ ಬರೆಯುತ್ತಾರೆ. ಆದರೆ ಆ 62,000ದಲ್ಲಿ ಸೊಸೈಟಿ ಕಂತು ಆಗಲೇ ಹೋಗಿಬಿಟ್ಟಿದೆ. ಅರ್ಜಿಯಲ್ಲಿ ನೆಟ್ ಸಂಬಳ 62,000 ಅಂತ ಬರೆದು, ಕೆಳಗೆ ಇರುವ ಸಾಲಗಳ ಪಟ್ಟಿಯಲ್ಲಿ ಮತ್ತೆ ಸೊಸೈಟಿ ಕಂತು 5,000 ಅಂತ ಬರೆದರೆ ಒಂದೇ ಕಂತು ಎರಡು ಸಲ ಕಳೆದಂತೆ. ಸಂಬಳದಿಂದ ಒಮ್ಮೆ, ಕಂತುಗಳ ಲೆಕ್ಕದಲ್ಲಿ ಇನ್ನೊಮ್ಮೆ. ಸರ್ಕಾರಿ ನೌಕರರ ಫೈಲುಗಳಲ್ಲಿ ನಾನು ಮೊದಲು ಹುಡುಕುವುದೇ ಈ ತಪ್ಪನ್ನು.

ಸರಿಯಾದ ದಾರಿ ಇದು. ಎನ್‌ಪಿಎಸ್, ಕೆಜಿಐಡಿ, ತೆರಿಗೆ, ಗುಂಪು ವಿಮೆ ಇವೆಲ್ಲ ಕಡ್ಡಾಯ ಕಟಾವಣೆಗಳು. ಅವುಗಳನ್ನು ಮಾತ್ರ ಕಳೆಯಿರಿ. 78,000ದಲ್ಲಿ 11,000 ಹೋದರೆ 67,000. ಇದು ಲೆಕ್ಕಕ್ಕೆ ಬೇಕಾದ ನೆಟ್ ಸಂಬಳ. ಸೊಸೈಟಿ ಸಾಲ ಕಟಾವಣೆ ಪಟ್ಟಿಯಲ್ಲಿ ಕಂಡರೂ ಅದು ಸಾಲವೇ, ಹಾಗಾಗಿ ಅದನ್ನು ಕಂತುಗಳ ಜೊತೆ ಸೇರಿಸಿ. ಕೆಜಿಐಡಿ ಪಾಲಿಸಿ ಮೇಲೆ ಸಾಲ ಪಡೆದಿದ್ದರೆ ಅದೂ ಹೀಗೇ: ಪ್ರೀಮಿಯಂ ಕಟಾವಣೆಗೆ ಹೋಗಲಿ, ಸಾಲದ ಕಂತು ಸಾಲದ ಪಟ್ಟಿಗೆ ಬರಲಿ.

ಮೇಷ್ಟ್ರ ಬ್ಯಾಂಕು ಶೇಕಡಾ 50ರ ಮಿತಿ ಇಟ್ಟಿದೆ ಅಂದುಕೊಳ್ಳೋಣ. 67,000ದ ಅರ್ಧ 33,500. ಎಲ್ಲ ಕಂತುಗಳೂ ಸೇರಿ ಇದರೊಳಗೇ ಇರಬೇಕು. ಈಗಿರುವ ಕಂತುಗಳು 5,000, 7,000, 3,200 ಮತ್ತು 1,800, ಒಟ್ಟು 17,000. ಉಳಿದದ್ದು 16,500. ಗೃಹಸಾಲದ ಕಂತಿಗೆ ಸಿಗುವ ಜಾಗ ಇಷ್ಟೇ.

ಎರಡು ಸಲ ಕಳೆದಿದ್ದರೆ ಏನಾಗುತ್ತಿತ್ತು? 62,000ದ ಅರ್ಧ 31,000, ಅದರಲ್ಲಿ 17,000 ಹೋದರೆ 14,000. ತಿಂಗಳಿಗೆ 2,500ರ ವ್ಯತ್ಯಾಸ ಅಷ್ಟೇ ಅಲ್ವಾ ಅನ್ನಿಸಬಹುದು. ಸಾಲದ ಮೊತ್ತಕ್ಕೆ ಬಂದಾಗ ಅದು ಸುಮಾರು 2 ಲಕ್ಷ 88 ಸಾವಿರ ಆಗುತ್ತದೆ. ಹೇಗೆ ಅಂತ ನೋಡೋಣ.

ತಿಂಗಳ ಕಂತಿನಿಂದ ಸಾಲದ ಮೊತ್ತಕ್ಕೆ ಹೋಗಲು ಒಂದೇ ಒಂದು ಅಂಕಿ ಸಾಕು: ಒಂದು ಲಕ್ಷ ಸಾಲಕ್ಕೆ ತಿಂಗಳ ಕಂತು ಎಷ್ಟು. ಬಡ್ಡಿ ಶೇಕಡಾ 8.5, ಅವಧಿ 20 ವರ್ಷ ಆದರೆ ಲಕ್ಷಕ್ಕೆ ಸುಮಾರು 868 ರೂಪಾಯಿ. ನಿಮ್ಮ ಹತ್ತಿರ ಇರುವ 16,500ನ್ನು 868ರಿಂದ ಭಾಗಿಸಿದರೆ 19 ಬರುತ್ತದೆ. ಅಂದರೆ 19 ಲಕ್ಷ. ಕಂಪ್ಯೂಟರಿನಲ್ಲಿ ಎಕ್ಸೆಲ್ ಇದ್ದರೆ ಇಷ್ಟು ಟೈಪ್ ಮಾಡಿದರೂ ಸಾಕು:

```
=PV(8.5%/12,240,-16500)
```

240 ಅಂದರೆ 20 ವರ್ಷದ ತಿಂಗಳುಗಳು. ಉತ್ತರ ಸುಮಾರು 19 ಲಕ್ಷದ 1 ಸಾವಿರ ಬರುತ್ತದೆ. ಬಡ್ಡಿ, ತಿಂಗಳು, ಕಂತು ಈ ಮೂರನ್ನು ಬದಲಿಸಿ ನೋಡುತ್ತಾ ಹೋಗಬಹುದು.

38 ಲಕ್ಷದ ಮನೆಗೆ 19 ಲಕ್ಷ ಸಾಲ! ಅರವತ್ತು ಪಟ್ಟಿನ ಮಾತಿನ ಪ್ರಕಾರ 62,000ಕ್ಕೆ 37 ಲಕ್ಷ ಸಿಗಬೇಕಿತ್ತು. ಹಾಗಾದರೆ ಆ ಮಾತು ಶುದ್ಧ ಸುಳ್ಳಾ? ಅಲ್ಲ, ಅದಕ್ಕೂ ಒಂದು ಮೂಲ ಇದೆ. ಮೇಷ್ಟ್ರಿಗೆ ಒಂದು ಕಂತೂ ಇರದಿದ್ದರೆ ಪೂರ್ತಿ 33,500 ಗೃಹಸಾಲಕ್ಕೆ ಸಿಗುತ್ತಿತ್ತು. ಅದನ್ನು 868ರಿಂದ ಭಾಗಿಸಿದರೆ 38 ಲಕ್ಷ 60 ಸಾವಿರ, ಅಂದರೆ 67,000ದ 57 ಪಟ್ಟಿಗೂ ಜಾಸ್ತಿ. ಶೇಕಡಾ 50ರ ಮಿತಿ, 20 ವರ್ಷದ ಅವಧಿ, 8.5ರ ಬಡ್ಡಿ, ಕಂತುಗಳು ಸೊನ್ನೆ: ಈ ನಾಲ್ಕೂ ಕೂಡಿದಾಗ ಮಾತ್ರ ಅರವತ್ತರ ಹತ್ತಿರ ಬರುತ್ತದೆ. ಒಂದು ಕದಲಿದರೂ ಲೆಕ್ಕ ಬೇರೆಯೇ. ಮಧ್ಯವರ್ತಿಗಳು ಆ ಕೊನೆಯ ಷರತ್ತನ್ನು ಹೇಳುವುದೇ ಇಲ್ಲ.

ಇಲ್ಲಿಂದ ಮುಂದಿನದು ಈ ಲೆಕ್ಕದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಭಾಗ. ಲಕ್ಷಕ್ಕೆ 868 ಅಂದರೆ, ತಿರುಗಿಸಿ ನೋಡಿದಾಗ, ತಿಂಗಳಿಗೆ 1,000 ರೂಪಾಯಿಯ ಯಾವುದೇ ಹಳೆಯ ಕಂತು ನಿಮ್ಮ ಗೃಹಸಾಲದಲ್ಲಿ ಸುಮಾರು 1 ಲಕ್ಷ 15 ಸಾವಿರವನ್ನು ತಿಂದುಹಾಕುತ್ತದೆ. ಆ ಹಳೆಯ ಸಾಲದಲ್ಲಿ ಬಾಕಿ ಎಷ್ಟಿದೆ, ಇನ್ನು ಎಷ್ಟು ತಿಂಗಳಿಗೆ ಮುಗಿಯುತ್ತದೆ ಅನ್ನುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಮೇಷ್ಟ್ರ ಪರ್ಸನಲ್ ಲೋನ್ ಇನ್ನೊಂದು ವರ್ಷಕ್ಕೆ ಮುಗಿದುಹೋಗುತ್ತದೆ. ಆದರೂ ಆ 7,000 ಕಂತು 20 ವರ್ಷದ ಗೃಹಸಾಲದಿಂದ 8 ಲಕ್ಷ 7 ಸಾವಿರವನ್ನು ಕಡಿಮೆ ಮಾಡಿಬಿಟ್ಟಿದೆ.

ಹಾಗಾದರೆ ಯಾವುದನ್ನು ಮೊದಲು ತೀರಿಸಬೇಕು? ಬಡ್ಡಿ ಜಾಸ್ತಿ ಇರುವ ಸಾಲವನ್ನು ಮೊದಲು ತೀರಿಸು ಅಂತ ಹಿರಿಯರು ಹೇಳುತ್ತಾರೆ. ಬೇರೆ ಸಂದರ್ಭದಲ್ಲಿ ಅದು ಸರಿಯಾದ ಮಾತೇ. ಆದರೆ ಗೃಹಸಾಲದ ಅರ್ಹತೆ ಏರಿಸಬೇಕು ಅಂದಾಗ ನೋಡಬೇಕಾದದ್ದು ಬೇರೆ: ಬಾಕಿ ಮೊತ್ತಕ್ಕೆ ಹೋಲಿಸಿದರೆ ಕಂತು ಎಷ್ಟು ದೊಡ್ಡದು. ಕಂತು ದೊಡ್ಡದಿದ್ದು ಬಾಕಿ ಚಿಕ್ಕದಿರುವ ಸಾಲ ಮೊದಲು ಹೋಗಬೇಕು. ಸಾಮಾನ್ಯವಾಗಿ ಮುಗಿಯುವ ಹಂತಕ್ಕೆ ಬಂದ ಸಾಲಗಳೇ ಹೀಗಿರುತ್ತವೆ.

ಮೇಷ್ಟ್ರ ಪಟ್ಟಿಯನ್ನೇ ನೋಡಿ. ಪರ್ಸನಲ್ ಲೋನಿನ ಬಡ್ಡಿ 12 ಅಂತಿಟ್ಟುಕೊಂಡರೆ 12 ಕಂತು ಬಾಕಿ ಇರುವಾಗ ಅಸಲು ಸುಮಾರು 79,000 ಉಳಿದಿರುತ್ತದೆ. ಅದನ್ನು ಕಟ್ಟಿದರೆ 7,000ದ ಜಾಗ ಖಾಲಿ. ಸೊಸೈಟಿ ಸಾಲದಲ್ಲಿ ಬಾಕಿ 1,80,000 ಇದೆ ಅಂದುಕೊಳ್ಳೋಣ. ಅಷ್ಟು ದೊಡ್ಡ ಮೊತ್ತ ಕಟ್ಟಿದರೂ ಖಾಲಿಯಾಗುವುದು 5,000ದ ಜಾಗ ಮಾತ್ರ. ಬೈಕ್ ಸಾಲಕ್ಕೆ ಸುಮಾರು 63,500 ಕಟ್ಟಿದರೆ 3,200. ಮೊಬೈಲ್ ಕಂತಂತೂ 7,200ರಲ್ಲಿ ಮುಗಿದೇ ಹೋಗುತ್ತದೆ, ಖಾಲಿಯಾಗುವುದು 1,800. ಆ 1,800 ಅಂದರೆ ಗೃಹಸಾಲದಲ್ಲಿ 2 ಲಕ್ಷಕ್ಕೂ ಜಾಸ್ತಿ. ಇನ್ನು ಆರು ತಿಂಗಳೊಳಗೆ ಮುಗಿಯುವ ಕಂತನ್ನು ಲೆಕ್ಕಕ್ಕೆ ಹಿಡಿಯದ ಬ್ಯಾಂಕುಗಳೂ ಇವೆ, ಹಾಗಾಗಿ ಇದನ್ನು ಮೊದಲೇ ಕೇಳಿಕೊಳ್ಳಿ. ಆದರೆ 7,200 ರೂಪಾಯಿಯ ಮಾತಿಗೆ ಆ ಚರ್ಚೆ ಯಾಕೆ? ಸುಮ್ನೆ ಕಟ್ಟಿ ಮುಗಿಸುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಮೊಬೈಲ್ ಮತ್ತು ಪರ್ಸನಲ್ ಲೋನ್ ಎರಡನ್ನೂ ತೀರಿಸಲು 86,200 ಬೇಕು. ಆಮೇಲೆ ಉಳಿಯುವ ಕಂತು ಸೊಸೈಟಿ ಮತ್ತು ಬೈಕ್ ಸೇರಿ 8,200. 33,500ರಲ್ಲಿ ಅದು ಹೋದರೆ 25,300. 868ರಿಂದ ಭಾಗಿಸಿ: 29 ಲಕ್ಷ 15 ಸಾವಿರ. ಒಂದು ಲಕ್ಷಕ್ಕಿಂತ ಕಡಿಮೆ ಹಣ ಹಾಕಿ 10 ಲಕ್ಷಕ್ಕೂ ಹೆಚ್ಚು ಅರ್ಹತೆ ಏರಿತು. 38 ಲಕ್ಷದ ಮನೆಗೆ ಮೊದಲು ಕೈಯಿಂದ 19 ಲಕ್ಷ ಹಾಕಬೇಕಿತ್ತು, ಈಗ 9 ಲಕ್ಷಕ್ಕಿಂತ ಸ್ವಲ್ಪ ಕಡಿಮೆ.

ತೀರಿಸುವಾಗ ಎರಡು ವಿಷಯ ನೆನಪಿರಲಿ. ಪರ್ಸನಲ್ ಲೋನುಗಳು ಸಾಮಾನ್ಯವಾಗಿ ಸ್ಥಿರ ಬಡ್ಡಿಯವು. ಅವಧಿಗೆ ಮೊದಲೇ ಮುಗಿಸಿದರೆ ಬಾಕಿಯ ಮೇಲೆ ಶೇಕಡಾ ಇಷ್ಟು ಅಂತ ಶುಲ್ಕ ಹಾಕುವವರಿದ್ದಾರೆ. ಸಾಲದ ಕರಾರಿನಲ್ಲಿ ಅದು ಬರೆದಿರುತ್ತದೆ, ನೋಡಿಕೊಂಡು 79,000ದ ಜೊತೆ ಅದನ್ನೂ ಸೇರಿಸಿಕೊಳ್ಳಿ. ಎರಡನೆಯದು, ತೀರಿಸುವ ಹಣವನ್ನು ಕ್ರೆಡಿಟ್ ಕಾರ್ಡಿನಿಂದಲೋ ಹೊಸ ಕೈಸಾಲದ ಆ್ಯಪಿನಿಂದಲೋ ತರಬೇಡಿ. ಕಾರ್ಡಿನಲ್ಲಿ ಬಾಕಿ ಇದ್ದರೆ ಅದರ ಶೇಕಡಾ 5ರಷ್ಟನ್ನು ತಿಂಗಳ ಕಂತು ಅಂತ ಹಿಡಿಯುವ ಬ್ಯಾಂಕುಗಳು ಬಹಳ. ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದಂತಾಗುತ್ತದೆ.

ತೀರಿಸಿದ ಮೇಲೆ ಸಾಲ ಮುಗಿದ ಪತ್ರವನ್ನು, ಅಂದರೆ ನೋ ಡ್ಯೂ ಸರ್ಟಿಫಿಕೇಟ್ ಅಥವಾ ಎನ್‌ಒಸಿಯನ್ನು, ಕೈಯಲ್ಲಿ ಹಿಡಿದುಕೊಂಡೇ ಬನ್ನಿ. ಸಾಲದ ಮಾಹಿತಿಯನ್ನು ಸಿಬಿಲ್‌ನಂಥ ಸಂಸ್ಥೆಗಳಿಗೆ 15 ದಿನಕ್ಕೊಮ್ಮೆ ಕಳಿಸಬೇಕು ಅನ್ನುವ ರಿಸರ್ವ್ ಬ್ಯಾಂಕಿನ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತು. ಹಾಗಿದ್ದರೂ ನೀವು ಇವತ್ತು ಕಟ್ಟಿದ್ದು ನಾಳೆಯೇ ವರದಿಯಲ್ಲಿ ಕಾಣುವುದಿಲ್ಲ. ಸಾಲ ಮುಚ್ಚಿ, ಒಂದು ತಿಂಗಳು ಬಿಟ್ಟು, ವರದಿ ತೆಗೆದು ನೋಡಿ, ಅಲ್ಲಿ ಬಾಕಿ ಸೊನ್ನೆ ಇದೆ ಅಂತ ಖಾತ್ರಿಯಾದ ಮೇಲೆ ಅರ್ಜಿ ಹಾಕುವುದು ಜಾಣತನ.

ಆ ವರದಿ ತೆಗೆದಾಗ ಇನ್ನೊಂದು ವಿಷಯ ಹುಡುಕಿ: ಜಾಮೀನು. ನಮ್ಮ ಊರಿನ ಮೇಷ್ಟ್ರುಗಳು, ಆಫೀಸಿನವರು ಒಬ್ಬರಿಗೊಬ್ಬರು ಜಾಮೀನು ಹಾಕುವುದು ಮಾಮೂಲಿ. ಸಹೋದ್ಯೋಗಿ ಕೇಳಿದಾಗ ಇಲ್ಲ ಅನ್ನಲು ಆಗುವುದಿಲ್ಲ. ನೀವು ಜಾಮೀನು ಹಾಕಿದ ಬ್ಯಾಂಕ್ ಸಾಲ ನಿಮ್ಮ ವರದಿಯಲ್ಲೂ ಕಾಣಬಹುದು. ಸಾಲ ಪಡೆದವರು ಸರಿಯಾಗಿ ಕಟ್ಟುತ್ತಿದ್ದರೆ ಹೆಚ್ಚಿನ ಕಡೆ ತೊಂದರೆ ಇಲ್ಲ. ಅವರ ಕಂತು ತಪ್ಪಿದ್ದರೆ ಬ್ಯಾಂಕು ಅದನ್ನು ನಿಮ್ಮ ತಲೆಗೇ ಹಿಡಿಯಬಹುದು, ಇಲ್ಲವೇ ಅರ್ಜಿಯನ್ನೇ ನಿಲ್ಲಿಸಬಹುದು. ಅವರ ಸಾಲದ ಈಗಿನ ಸ್ಟೇಟ್‌ಮೆಂಟ್ ಒಂದನ್ನು ಕೇಳಿ ಇಟ್ಟುಕೊಳ್ಳಿ.

ಬಂಗಾರದ ಸಾಲ ಮತ್ತು ಬೆಳೆಸಾಲದ ಕಥೆ ಸ್ವಲ್ಪ ಬೇರೆ. ಇವುಗಳಿಗೆ ಸಾಮಾನ್ಯವಾಗಿ ತಿಂಗಳ ಕಂತು ಇರುವುದಿಲ್ಲ, ವರ್ಷಕ್ಕೊಮ್ಮೆ ಕಟ್ಟಿ ಬಿಡಿಸಿಕೊಳ್ಳುವುದು. ಕೆಲವು ಬ್ಯಾಂಕುಗಳು ಇವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೆಲವು ತಿಂಗಳ ಬಡ್ಡಿಯನ್ನು ಮಾತ್ರ ಕಂತು ಅಂತ ಹಿಡಿಯುತ್ತವೆ. ಇಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ವ್ಯತ್ಯಾಸ ಇರುವುದರಿಂದ ಕೇಳಿಯೇ ತಿಳಿಯಬೇಕು.

ಇನ್ನು ಅವಧಿ. ಮೇಷ್ಟ್ರಿಗೆ 40 ವರ್ಷ, ರಾಜ್ಯ ಸರ್ಕಾರಿ ನೌಕರರ ನಿವೃತ್ತಿ 60ಕ್ಕೆ. ಹಾಗಾಗಿ ಸಂಬಳದ ಮೇಲೆ ಸಿಗುವ ಅವಧಿ 20 ವರ್ಷ. ಇದೇ ಸಂಬಳದ, ಇದೇ ಕಂತುಗಳಿರುವ 45 ವರ್ಷದವರಾಗಿದ್ದರೆ 15 ವರ್ಷ ಮಾತ್ರ. ಆಗ ಲಕ್ಷಕ್ಕೆ 868ರ ಬದಲು 985 ಆಗುತ್ತದೆ, 25,300ಕ್ಕೆ ಸಿಗುವುದು 25 ಲಕ್ಷ 69 ಸಾವಿರ. ಐದು ವರ್ಷ ತಡವಾದದ್ದಕ್ಕೆ ಮೂರೂವರೆ ಲಕ್ಷ ಹೋಯಿತು. 2006ರ ಏಪ್ರಿಲ್‌ಗಿಂತ ಮೊದಲು ಸೇರಿ ಹಳೆಯ ಪಿಂಚಣಿಯಲ್ಲಿ ಇರುವವರಿಗೆ ನಿವೃತ್ತಿಯ ನಂತರವೂ ಕೆಲವು ವರ್ಷ ಅವಧಿ ಕೊಡುವ ಬ್ಯಾಂಕುಗಳಿವೆ, ಪಿಂಚಣಿಯ ಮೊತ್ತವನ್ನು ನೋಡಿ.

ಅವಧಿ ನಿವೃತ್ತಿಯ ತುದಿಗೇ ತಾಗಿದ್ದರೆ ಒಂದು ಎಚ್ಚರ ಬೇಕು. ಗೃಹಸಾಲದ ಬಡ್ಡಿ ಹೆಚ್ಚಾಗಿ ಏರಿಳಿಯುವ ಬಡ್ಡಿ. ಬಡ್ಡಿ ಏರಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಹಾಗೇ ಬಿಟ್ಟು ಅವಧಿ ಉದ್ದ ಮಾಡುತ್ತವೆ. ನಿಮಗೆ ಅವಧಿ ಉದ್ದ ಮಾಡಲು ಜಾಗವೇ ಇಲ್ಲದಿದ್ದರೆ ಕಂತೇ ಏರಬೇಕಾಗುತ್ತದೆ. ಮೇಷ್ಟ್ರ ಸಾಲದ ಬಡ್ಡಿ ಶುರುವಿನಲ್ಲೇ 8.5ರಿಂದ 9 ಆದರೆ 29 ಲಕ್ಷ 15 ಸಾವಿರಕ್ಕೆ ತಿಂಗಳ ಕಂತು 930 ರೂಪಾಯಿಯಷ್ಟು ಜಾಸ್ತಿ. ಮಿತಿಯ ಅಂಚಿನವರೆಗೂ ಸಾಲ ತೆಗೆಯುವ ಬದಲು ತಿಂಗಳಿಗೆ ಒಂದೆರಡು ಸಾವಿರ ಜಾಗ ಬಿಟ್ಟುಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ಹೆಂಡತಿಯ ಸಂಬಳ ಸೇರಿಸಬಹುದಲ್ವಾ? ಖಂಡಿತ. ಅವರು ಖಾಸಗಿ ಶಾಲೆಯಲ್ಲಿ ಕೆಲಸ ಮಾಡುತ್ತಾರೆ, ಸಂಬಳ 18,000 ಅಂದುಕೊಳ್ಳಿ. ಮೊದಲ ಪ್ರಶ್ನೆ: ಆ ಸಂಬಳ ಬ್ಯಾಂಕ್ ಖಾತೆಗೆ ಬರುತ್ತದಾ, ಕೈಗೆ ಬರುತ್ತದಾ? ಕೈಗೆ ಕೊಡುವ ಸಂಬಳಕ್ಕೆ ದಾಖಲೆ ಇಲ್ಲ, ಲೆಕ್ಕಕ್ಕೂ ಬರುವುದಿಲ್ಲ. ಮೇಷ್ಟ್ರು ಮನೆಯಲ್ಲಿ ಹೇಳುವ ಟ್ಯೂಷನ್, ಊರಲ್ಲಿರುವ ಅಡಿಕೆ ತೋಟದ ಆದಾಯವೂ ಹೀಗೇ: ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿಲ್ಲ ಅಂದರೆ ಇಲ್ಲ ಅಂತಲೇ ಲೆಕ್ಕ. ಎರಡನೆಯ ಪ್ರಶ್ನೆ: ಅವರ ಹೆಸರಲ್ಲಿ ಸಾಲ ಇದೆಯಾ? ಜೊತೆಗೆ ಅರ್ಜಿ ಹಾಕಿದರೆ ಅವರ ಸಂಬಳದ ಜೊತೆ ಅವರ ಕಂತುಗಳೂ ಬರುತ್ತವೆ. ಮೈಕ್ರೋ ಫೈನಾನ್ಸ್ ಕಂತು ತಿಂಗಳಿಗೆ 2,500 ಇದ್ದರೆ, 18,000ದ ಅರ್ಧ 9,000ದಲ್ಲಿ ಅದು ಹೋಗಿ 6,500 ಉಳಿಯುತ್ತದೆ. ಅದರಿಂದ ಏಳೂವರೆ ಲಕ್ಷದಷ್ಟು ಸೇರಿ ಇಬ್ಬರದೂ ಒಟ್ಟು 36 ಲಕ್ಷ 64 ಸಾವಿರ ಆಗುತ್ತದೆ.

ಆದರೆ ಅಷ್ಟು ಸಿಗುವುದಿಲ್ಲ. ಇಲ್ಲಿ ಇನ್ನೊಂದು ಮಿತಿ ಅಡ್ಡ ಬರುತ್ತದೆ, ಇದನ್ನು ಮಾತ್ರ ರಿಸರ್ವ್ ಬ್ಯಾಂಕೇ ಹಾಕಿದೆ. 30 ಲಕ್ಷದವರೆಗಿನ ಗೃಹಸಾಲವಾದರೆ ಮನೆಯ ಬೆಲೆಯ ಶೇಕಡಾ 90ರವರೆಗೆ ಕೊಡಬಹುದು. 30 ಲಕ್ಷ ದಾಟಿ 75 ಲಕ್ಷದವರೆಗೆ ಶೇಕಡಾ 80 ಮಾತ್ರ. 38 ಲಕ್ಷದ ಶೇಕಡಾ 80 ಅಂದರೆ 30 ಲಕ್ಷ 40 ಸಾವಿರ. ಅರ್ಹತೆ 36 ಲಕ್ಷ ಇದ್ದರೂ ಈ ಮನೆಗೆ ಸಿಗುವುದು ಅಷ್ಟೇ. ಅಂದರೆ ಇಬ್ಬರೂ ಸೇರಿ ಅರ್ಜಿ ಹಾಕಿದ್ದರಿಂದ ಈ ಮನೆಯ ಮಟ್ಟಿಗೆ ಸಿಕ್ಕ ಹೆಚ್ಚುವರಿ ಸಾಲ 1 ಲಕ್ಷ 25 ಸಾವಿರ ಮಾತ್ರ. ಎರಡು ಲೆಕ್ಕದಲ್ಲಿ ಯಾವುದು ಕಡಿಮೆಯೋ ಅದೇ ಸಾಲದ ಮೊತ್ತ.

ಮನೆಯ ಬೆಲೆ ಅಂದರೆ ಮಾಲೀಕರು ಹೇಳಿದ ಬೆಲೆ ಅಲ್ಲ ಅನ್ನುವುದೂ ಗೊತ್ತಿರಲಿ. ಬ್ಯಾಂಕ್ ಕಳಿಸುವ ಇಂಜಿನಿಯರ್ ಬಂದು ಅಳೆದು ಒಂದು ಬೆಲೆ ಬರೆಯುತ್ತಾರೆ. ಅವರು 38ರ ಬದಲು 32 ಲಕ್ಷ ಬರೆದರೆ ಶೇಕಡಾ 90 ಅಂದರೂ 28 ಲಕ್ಷ 80 ಸಾವಿರ. ಆಗ ಮೇಷ್ಟ್ರ ಒಬ್ಬರದೇ ಅರ್ಹತೆ ಸಾಕು, ಹೆಂಡತಿಯ ಸಂಬಳ ತಂದರೂ ಒಂದು ರೂಪಾಯಿ ಏರುವುದಿಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕವೂ ಈ ಬೆಲೆಯಲ್ಲಿ ಸೇರುವುದಿಲ್ಲ, ಅದು ಪೂರ್ತಿ ಕೈಯಿಂದಲೇ ಹೋಗಬೇಕು. ಹಾಗಾಗಿ ಸಾಲ ತೀರಿಸಲು 86,200 ತೆಗೆಯುವ ಮೊದಲು, ಕೈಯಿಂದ ಹಾಕಬೇಕಾದ 9 ಲಕ್ಷ, ನೋಂದಣಿ ಖರ್ಚು, ಈ 86,200 ಮೂರನ್ನೂ ಒಟ್ಟಿಗೆ ಬರೆದು, ಅಷ್ಟು ಹಣ ಕೈಯಲ್ಲಿದೆಯಾ ಅಂತ ನೋಡಬೇಕು.

ಮ್ಯಾನೇಜರ್ ಹತ್ತಿರ ಹೋದಾಗ "ಸರ್, ಎಷ್ಟು ಲೋನ್ ಆಗುತ್ತೆ?" ಅಂತ ಕೇಳಿದರೆ ಅಂದಾಜಿನ ಒಂದು ಅಂಕಿ ಸಿಗುತ್ತದೆ. ಅದರ ಬದಲು ಮೂರು ವಿಷಯ ಕೇಳಿ. ನನ್ನ ಸಂಬಳಕ್ಕೆ ನಿಮ್ಮಲ್ಲಿ ಶೇಕಡಾ ಎಷ್ಟು ಹಿಡೀತೀರಿ? ಸೊಸೈಟಿ ಕಟಾವಣೆಯನ್ನು ಸಂಬಳದಲ್ಲಿ ಕಳೀತೀರಾ, ಕಂತಿನಲ್ಲಿ ಕಳೀತೀರಾ? ಎಷ್ಟು ತಿಂಗಳೊಳಗೆ ಮುಗಿಯೋ ಕಂತನ್ನು ಬಿಡ್ತೀರಿ? ಈ ಮೂರಕ್ಕೆ ಉತ್ತರ ಸಿಕ್ಕರೆ ಬೇರೆ ಬೇರೆ ಬ್ಯಾಂಕುಗಳ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು ನೋಡಬಹುದು. ಬ್ಯಾಂಕಿನವರು ಸಂಬಳ ಅಂತ 62,000 ಹಿಡಿದು, ಕಂತುಗಳಲ್ಲೂ ಸೊಸೈಟಿಯ 5,000 ಕಳೆದಿದ್ದರೆ, ಪೇ ಸ್ಲಿಪ್ಪಿನ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ, ಲೆಕ್ಕ ಮತ್ತೊಮ್ಮೆ ಹಾಕಲು ಹೇಳಿ.